ನಮ್ಮ ಪಿನ್ ಮಾಡಿದ ಉತ್ತರವೇ ಹೊಸ ಪ್ರಶ್ನೆ ಹುಟ್ಟಿಸುತ್ತಿತ್ತು: ಸಿಪ್ಯಾಪ್ ಗುಂಪಿನ ಎಫ್‌ಎಕ್ಯೂ, ಮೂರನೇ ಕರಡು

ನಮ್ಮ ಟೆಲಿಗ್ರಾಂ ಗುಂಪಿನಲ್ಲಿ ಪದೇ ಪದೇ ಬರುವ ಪ್ರಶ್ನೆಗಳಿಗೆ ಬರೆದಿಟ್ಟ ಉತ್ತರಗಳ, ಅಂದರೆ ಎಫ್‌ಎಕ್ಯೂದ, ಮೂರನೇ ಕರಡು ನಿನ್ನೆ ರಾತ್ರಿ ಪಿನ್ ಆಯಿತು. ಎರಡನೆಯದು ಯಾಕೆ ಮಕಾಡೆ ಮಲಗಿತು ಅನ್ನುವುದೇ ಇವತ್ತಿನ ಕಥೆ. ಹಳೇ ಮೆಸೇಜುಗಳನ್ನು ಹೆಕ್ಕಿದ್ದು, ಒಂದೇ ತರಹದವನ್ನು ಗುಂಪು ಮಾಡಿದ್ದು, ಅಡ್ಮಿನ್‌ಗಳ ಜೊತೆ ಜಗಳ ಆಡಿದ್ದು, ಇದೆಲ್ಲ ನಿಮಗೂ ಗೊತ್ತಿರುವುದೇ. ಬಿಟ್ಟುಬಿಡುತ್ತೇನೆ.

ಹೊಸಬರಿಗೆ ಒಂದು ಮಾತು. ನಮ್ಮದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ, ಇರುವವರ ಗುಂಪು. ರಾತ್ರಿ ಮಾಸ್ಕ್ ಹಾಕಿಕೊಂಡು, ಸಿಪ್ಯಾಪ್ ಮಷೀನಿನ ಗಾಳಿಯಲ್ಲಿ ಮಲಗುವವರು. ಆ ಗಾಳಿಗೆ ಎಷ್ಟು ತೇವ ಸೇರಬೇಕು ಅನ್ನುವುದೇ ಹ್ಯೂಮಿಡಿಟಿ. ಎರಡನೇ ಕರಡಿನಲ್ಲಿ ಐದು ಪ್ರಶ್ನೆ ಇದ್ದವು. ಎರಡನೆಯದು: ‘ಬಾಯಿ ಒಣಗಿದರೆ ಹ್ಯೂಮಿಡಿಟಿ ಏರಿಸಿ.’ ನಾಲ್ಕನೆಯದು: ‘ರೈನ್‌ಔಟ್ ಆದರೆ ಹ್ಯೂಮಿಡಿಟಿ ಇಳಿಸಿ.’ ಎರಡೂ ಚುಟುಕು, ಎರಡೂ ಸ್ಪಷ್ಟ. ಬರೆದಾಗ ಬೆನ್ನು ತಟ್ಟಿಕೊಂಡಿದ್ದೆ.

ಪಿನ್ ಮಾಡಿದ ಮೇಲೆ ಬಾಯಿ ಒಣಗುವ ಪ್ರಶ್ನೆ ನಿಜಕ್ಕೂ ಕಡಿಮೆಯಾಯಿತು. ಆದರೆ ಬೇರೆ ಮೂರು ಶುರುವಾದವು. ‘ಮಷೀನ್ ಲೀಕ್ ಆಗ್ತಿದೆ.’ ‘ಪೈಪಿನೊಳಗೆ ಗೊಳಗೊಳ ಸದ್ದು.’ ‘ನಡುರಾತ್ರಿ ಮೂಗಿಗೆ ನೀರು ಚಿಮ್ಮಿತು, ಎದ್ದು ಕೂತೆ.’ ಮೂರೂ ಒಂದೇ. ಮಷೀನಿನ ನೀರಿನ ತೊಟ್ಟಿಯಿಂದ ಬರುವ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಪೈಪಿನಲ್ಲಿ ಹಾದುಬರುವಾಗ ನೀರಾಗುತ್ತದೆ. ಅದೇ ರೈನ್‌ಔಟ್, ನಾಲ್ಕನೇ ಉತ್ತರದಲ್ಲಿದೆ. ಹಾಗಾದರೆ ಯಾಕೆ ಯಾರೂ ಓದಲಿಲ್ಲ? ಗುಂಪಿನಲ್ಲಿ ‘ರೈನ್‌ಔಟ್’ ಅಂತ ಹುಡುಕಿ ನೋಡಿದೆ. ಆ ಪದ ಬಳಸಿದವರು ನಾನು ಮತ್ತು ಇನ್ನಿಬ್ಬರು ಅಡ್ಮಿನ್‌ಗಳು ಮಾತ್ರ! ಉತ್ತರ ಗೊತ್ತಿದ್ದವರಿಗಷ್ಟೇ ಅರ್ಥವಾಗುವ ತಲೆಬರಹ ಹಾಕಿ, ಗೊತ್ತಿಲ್ಲದವರು ಬಂದು ಓದಲಿ ಅಂತ ಕಾಯುತ್ತಿದ್ದೆವು.

ಸರಿ, ತಲೆಬರಹ ಬದಲಿಸಿ ‘ಪೈಪಿನಲ್ಲಿ ನೀರು’ ಅಂತ ಮಾಡಿದೆ. ಪ್ರಶ್ನೆ ನಿಲ್ಲಲಿಲ್ಲ. ಇಲ್ಲಿ ನಮ್ಮ ಮೇಷ್ಟ್ರು ಬರುತ್ತಾರೆ.

ಮೇಷ್ಟ್ರು ನಿವೃತ್ತರು, ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವವರು. ಮೂಗಿನ ಮಾಸ್ಕ್, ಬಿಸಿಯಾಗದ ಸಾದಾ ಪೈಪು. ಬಾಯಿ ಒಣಗಿತು, ನಮ್ಮ ಎರಡನೇ ಉತ್ತರ ಓದಿದರು, ಹ್ಯೂಮಿಡಿಟಿಯನ್ನು 3ರಿಂದ 4ಕ್ಕೆ ತಂದರು. ಹೋಗಲಿಲ್ಲ. 6ಕ್ಕೆ ಏರಿಸಿದರು. ಐದನೇ ರಾತ್ರಿ ಮುಖದ ಮೇಲೆ ನೀರು. ಯಾರೋ ನಾಲ್ಕನೇ ಉತ್ತರ ತೋರಿಸಿದರು, ಇಳಿಸಿದರು. ಮತ್ತೆ ಬಾಯಿ ಒಣಗಿತು. ಆಗ ಬಂತು ನೋಡಿ ಮೆಸೇಜು: ‘ಒಬ್ಬರು ಏರಿಸಿ ಅಂತೀರಿ, ಇನ್ನೊಬ್ಬರು ಇಳಿಸಿ ಅಂತೀರಿ. ನಾನೇನು ಬಾವಿಯ ಕೊಡವೇನಪ್ಪಾ?’

ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ‘ಸಾರ್, ಬೆಳಿಗ್ಗೆ ಬಾಯಿ ಮಾತ್ರ ಒಣಗಿರುತ್ತಾ, ಮೂಗೂ ಒಣಗಿರುತ್ತಾ?’ ಅಂತ ಕೇಳಿದೆ. ‘ಮೂಗು ಆರಾಮ. ನಾಲಿಗೆ ಮಾತ್ರ ಅಂಗುಳಕ್ಕೆ ಅಂಟಿರುತ್ತೆ.’ ‘ಮಷೀನಿನ ರಿಪೋರ್ಟಿನಲ್ಲಿ ಗಾಳಿಯ ಲೀಕ್ ಎಷ್ಟಿದೆ?’ ನೋಡಿದರು. ಮಾಸ್ಕ್ ಸರಿಯಾಗಿ ಕೂತಿದ್ದರೂ ಲೀಕ್ ಜಾಸ್ತಿ ತೋರಿಸುತ್ತಿತ್ತು.

ಅಲ್ಲಿಗೆ ಗಂಟು ಬಿಚ್ಚಿತು. ಮೂಗಿನಿಂದ ಒಳಗೆ ಹೋದ ಗಾಳಿ, ನಿದ್ದೆಯಲ್ಲಿ ತೆರೆದ ಬಾಯಿಂದ ಹೊರಗೆ ಹರಿಯುತ್ತಿತ್ತು. ರಾತ್ರಿಯಿಡೀ ಹಾಗೆ ಗಾಳಿ ಹರಿದರೆ ಎಷ್ಟು ತೇವ ಸೇರಿಸಿದರೂ ನಾಲಿಗೆ ಒಣಗುತ್ತದೆ. ಸೇರಿಸಿದ ಹೆಚ್ಚಿನ ತೇವ ಪೈಪಿನಲ್ಲಿ ನೀರಾಯಿತು, ಅಷ್ಟೇ. ಅಂದರೆ ನಮ್ಮ ಎರಡನೇ ಉತ್ತರವೇ ನಾಲ್ಕನೇ ಪ್ರಶ್ನೆಗೆ ಗಿರಾಕಿ ಕಳಿಸುತ್ತಿತ್ತು. ಮೇಷ್ಟ್ರು ಕ್ಲಿನಿಕ್ಕಿನಲ್ಲಿ ಕೇಳಿ, ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕಿಗೆ ಬದಲಾದರು. ಹ್ಯೂಮಿಡಿಟಿ ವಾಪಸ್ 3. ನೀರೂ ಇಲ್ಲ, ಬಾಯಿಯೂ ಪರವಾಗಿಲ್ಲ.

ಹಾಗಾಗಿ ಮೂರನೇ ಕರಡಿನಲ್ಲಿ ಎರಡು ಮತ್ತು ನಾಲ್ಕನ್ನು ಸೇರಿಸಿ ಒಂದೇ ಮಾಡಿದೆ. ಅದು ಉತ್ತರದಿಂದ ಶುರುವಾಗುವುದಿಲ್ಲ, ಪ್ರಶ್ನೆಯಿಂದ ಶುರುವಾಗುತ್ತದೆ:

‘ಬಾಯಿ ಒಣಗುತ್ತಾ? ಪೈಪಿನಲ್ಲಿ ನೀರಾ? ಯಾವುದನ್ನೂ ತಿರುಗಿಸುವ ಮೊದಲು ನೋಡಿ: ಬೆಳಿಗ್ಗೆ ಒಣಗಿರುವುದು ಮೂಗಾ, ಬಾಯಾ? ಮೂಗೂ ಒಣಗಿದ್ದರೆ ಹ್ಯೂಮಿಡಿಟಿ ಒಂದೇ ಹಂತ ಏರಿಸಿ, ಎರಡು ರಾತ್ರಿ ನೋಡಿ. ಬಾಯಿ ಮಾತ್ರ ಒಣಗಿದ್ದು ಲೀಕ್ ಜಾಸ್ತಿ ಇದ್ದರೆ ಹ್ಯೂಮಿಡಿಟಿ ಮುಟ್ಟಬೇಡಿ. ಬಾಯಿ ತೆರೆದುಕೊಳ್ಳುತ್ತಿದೆ. ಮೂಗು ಕಟ್ಟುತ್ತಾ ಅಂತ ನೋಡಿಕೊಂಡು, ಮಾಸ್ಕಿನ ಬಗ್ಗೆ ಕ್ಲಿನಿಕ್ಕಿನಲ್ಲಿ ಕೇಳಿ. ಪೈಪಿನಲ್ಲಿ ನೀರಿದ್ದರೆ ಮೊದಲು ಮಷೀನನ್ನು ತಲೆಗಿಂತ ಕೆಳಗಿಡಿ, ಪೈಪನ್ನು ಹೊದಿಕೆಯೊಳಗೆ ತನ್ನಿ. ಆಮೇಲೂ ನೀರು ಬಂದರೆ ಮಾತ್ರ ಒಂದು ಹಂತ ಇಳಿಸಿ. ಗಾಳಿಯ ಪ್ರೆಶರ್ ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಬೇಡಿ.’

ಉದ್ದವಾಯಿತು, ಗೊತ್ತು. ಆದರೆ ಹಿಂದಿನ ಚುಟುಕು ಉತ್ತರ ಮಾಡಿದ ಗಲಾಟೆ ನೋಡಿದ ಮೇಲೆ ನನಗೆ ಚುಟುಕಿನ ಹುಚ್ಚು ಬಿಟ್ಟಿದೆ. ‘ಒಂದು ಹಂತ, ಎರಡು ರಾತ್ರಿ’ ಅನ್ನುವುದನ್ನು ಕತ್ತರಿಸಿ ಅಂತ ಒಬ್ಬ ಅಡ್ಮಿನ್ ಹಟ ಹಿಡಿದರು. ನಾನು ಬಿಡಲಿಲ್ಲ. ಅದಿಲ್ಲದಿದ್ದರೆ ಜನ ಒಂದೇ ರಾತ್ರಿಯಲ್ಲಿ ಮೂರು ಗುಂಡಿ ತಿರುಗಿಸಿ, ಯಾವುದರಿಂದ ಏನಾಯಿತು ಅಂತ ನಮ್ಮನ್ನೇ ಕೇಳುತ್ತಾರೆ.

ಇನ್ನೊಂದು ಪೆದ್ದುತನ ನಿನ್ನೆಯಷ್ಟೇ ಗೊತ್ತಾಯಿತು. ಟೆಲಿಗ್ರಾಂನಲ್ಲಿ ಮೇಲಿನ ಪಟ್ಟಿಯಲ್ಲಿ ಪಿನ್ ಮಾಡಿದ ಮೆಸೇಜಿನ ಶುರುವಷ್ಟೇ ಕಾಣುತ್ತದೆ. ನಮ್ಮದರ ಶುರುವಿನಲ್ಲಿ ಏನಿತ್ತು? ‘ಎಲ್ಲರಿಗೂ ನಮಸ್ಕಾರ, ಗುಂಪಿಗೆ ಸ್ವಾಗತ.’ ಇಷ್ಟು ದಿನ ನಾವು ಪಿನ್ ಮಾಡಿದ್ದು ನಮಸ್ಕಾರವನ್ನು! ಈಗ ಅಲ್ಲಿ ‘ಬಾಯಿ ಒಣಗುತ್ತಾ? ಪೈಪಿನಲ್ಲಿ ನೀರಾ?’ ಅಂತ ಕಾಣುತ್ತದೆ. ಉಳಿದ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಮೆಸೇಜು ಮಾಡಿದೆ. ಒಂದೊಂದಕ್ಕೂ ಅದರದೇ ಲಿಂಕ್ ಸಿಗುತ್ತದೆ. ‘ಪಿನ್ ನೋಡಿ’ ಅಂತ ಗದರುವ ಬದಲು ಆ ಒಂದು ಉತ್ತರವನ್ನೇ ಕೊಡಬಹುದು.

ಎಫ್‌ಎಕ್ಯೂಗೆ ಸೇರಿಸದೆ ಬಿಟ್ಟ ಪ್ರಶ್ನೆಯೂ ಒಂದಿದೆ. ‘ಮೊದಲ ವಾರ ಮಾಸ್ಕ್ ಕಿತ್ತೆಸೆಯಬೇಕು ಅನ್ನಿಸುತ್ತೆ, ನನಗೊಬ್ಬನಿಗೇನಾ?’ ಅನ್ನುವುದು. ಅದು ಎಷ್ಟು ಸಲ ಬಂದರೂ ಬರಲಿ. ಕೇಳುವವರಿಗೆ ಬೇಕಿರುವುದು ಲಿಂಕ್ ಅಲ್ಲ, ‘ನನಗೂ ಹಾಗೇ ಆಗಿತ್ತು’ ಅನ್ನುವ ಒಬ್ಬ ಮನುಷ್ಯ.

ಇನ್ನು ಮಾಸ್ಕ್ ಮಾರುವವರ ಬಗ್ಗೆ ಸ್ವಲ್ಪ ಗೊಣಗಲೇಬೇಕು. ನನಗೆ ಮಾಸ್ಕ್ ಕೊಟ್ಟವರು ಮುಖ ನೋಡದೆ ‘ಮೀಡಿಯಂ ಸಾರ್, ಎಲ್ಲರಿಗೂ ಆಗುತ್ತೆ’ ಅಂದರು. ಆಗಲಿಲ್ಲ. ಹಾಗಾಗಿ ಮುಂದಿನ ಕೆಲಸ ಅದೇ: ಅಳತೆ ಹಾಳೆ. ಪ್ರಿಂಟ್ ತೆಗೆದು, ಕತ್ತರಿಸಿ, ಮೂಗಿನ ಅಗಲಕ್ಕೆ ಹಿಡಿದು ನೋಡುವುದು. ಪ್ರಿಂಟರ್ ಹಾಳೆಗೆ ಹೊಂದಿಸಲು ಚಿತ್ರ ಕುಗ್ಗಿಸಿಬಿಟ್ಟರೆ ಅಳತೆ ಕೆಡುತ್ತದೆ, ಅದಕ್ಕೆ ಮೂಲೆಯಲ್ಲಿ 100 ಮಿಲಿಮೀಟರಿನ ಒಂದು ಗೆರೆ ಹಾಕಿದ್ದೇನೆ. ಮೊದಲು ಸ್ಕೇಲ್ ಇಟ್ಟು ಆ ಗೆರೆ ಅಳೆಯಬೇಕು, ಆಮೇಲೆ ಮೂಗು.

ಬೆಳಿಗ್ಗೆ ಮೇಷ್ಟ್ರಿಗೇ ಕಳಿಸಿದೆ. ಪ್ರಿಂಟ್ ತೆಗೆದು ಅಳೆದು ಬರೆದಿದ್ದಾರೆ: ‘ನಿನ್ನ 100 ನಮ್ಮನೇಲಿ 94 ಇದೆಯಪ್ಪ. ಮೂಗು ಅಳೆಯಲಾ, ಬೇಡವಾ?’