ಶೀಟಿನ ಮಾಡಿಗೆ ಸೆರಾಮಿಕ್ ಪುಡಿ: ಡಬ್ಬ ಹೇಳಿದ್ದು, ಸೆನ್ಸರ್ ಹೇಳಿದ್ದು

ಮಾರ್ಚ್, ಮೊದಲ ವಾರ

ನಮ್ಮದು ಸೋಮವಾರಪೇಟೆ ಹತ್ತಿರದ ಹಂಚಿನ ಮನೆ. ಹಿಂದಿನ ಎರಡು ರೂಮು ಮಾತ್ರ ಶೀಟಿನವು. ಅದರಲ್ಲಿ ಒಂದು ಅಮ್ಮನ ರೂಮು. ಮಾರ್ಚ್ ಬಂತೆಂದರೆ ಮಧ್ಯಾಹ್ನ ಅಲ್ಲಿ ಮಲಗೋಕೆ ಆಗಲ್ಲ. ಡಿಸೆಂಬರಿನಲ್ಲಿ ಇದಕ್ಕೆ ಉಲ್ಟಾ, ಬೆಳಗಿನ ಜಾವ ಕಂಬಳಿ ಮೇಲೆ ಶೀಟಿನಿಂದ ಹನಿ ಬೀಳುತ್ತದೆ.

ಪೇಂಟ್ ಅಂಗಡಿಯಲ್ಲಿ ಒಂದು ಪುಡಿ ತೋರಿಸಿದರು. ಟೊಳ್ಳಾದ ಸೆರಾಮಿಕ್ ಗೋಲಿಗಳು, ಕಣ್ಣಿಗೆ ಬೂದು ಹಿಟ್ಟಿನ ಥರ. ಯಾವ ಪೇಂಟಿಗಾದರೂ ಬೆರೆಸಿ ಎರಡು ಕೋಟ್ ಹೊಡೆದರೆ ಸಾಕು, ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಥರ್ಮೋಕೋಲ್ ಹಾಕಿದ ಹಾಗೇ ಅಂತ ಡಬ್ಬದ ಮೇಲಿತ್ತು. ಹ್ಯಾಲೋಜನ್ ದೀಪದ ಕೆಳಗೆ ಅರ್ಧ ಬಿಳಿ ಬಳಿದ ತಗಡು ಇಟ್ಟು ಮುಟ್ಟಿ ನೋಡಿ ಅಂದರು. ಬಿಳಿ ಭಾಗ ನಿಜವಾಗಿಯೂ ತಣ್ಣಗಿತ್ತು. ಆದರೆ ಅದು ಪುಡಿಯಿಂದಲೋ, ಬಿಳಿ ಬಣ್ಣದಿಂದಲೋ? ಆ ತಗಡಿನಲ್ಲಿ ಗೊತ್ತಾಗುವ ಹಾಗಿರಲಿಲ್ಲ. ಇಡೀ ಮಾಡಿಗೆ ಹೊಡೆಯುವ ಮುಂಚೆ ಅದನ್ನು ತಿಳಿಯಬೇಕು ಅನಿಸಿತು. ಒಂದು ಡಬ್ಬ ತಂದೆ.

ಮನೆಗೆ ಬಂದು ಒಂದು ಚಮಚ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿದೆ. ಹೆಚ್ಚಿನದು ತೇಲಿತು, ತಳದಲ್ಲಿ ತೆಳ್ಳಗೆ ಒಂದು ಪದರ ಕೂತಿತು. ತೇಲಿದ್ದು ಟೊಳ್ಳು ಗೋಲಿ, ಮುಳುಗಿದ್ದು ಒಡೆದ ಚೂರು. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಬೂದಿ ಹೊಂಡದಲ್ಲಿ ಇಂಥ ಗೋಲಿಗಳೇ ನೀರಿನ ಮೇಲೆ ತೇಲುತ್ತವೆ, ಅದನ್ನು ಬಾಚಿ ಒಣಗಿಸಿ ಮಾರುತ್ತಾರೆ. ಡ್ರಿಲ್ ಮಷಿನ್ನಿಗೆ ಕಡಗೋಲು ಸಿಕ್ಕಿಸಿ ಪೇಂಟ್ ಕಲಸಿದರೆ ಇವು ಒಡೆಯಬಹುದು. ಹಾಗಾಗಿ ಕೋಲಿನಲ್ಲಿ ನಿಧಾನಕ್ಕೆ ಕಲಸಿದೆ. ಪುಡಿಗೆ ಅನ್ಯಾಯ ಆಗಬಾರದಲ್ವಾ.

ಮಾರ್ಚ್, ಮೂರನೇ ವಾರ

ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿ ಇತ್ತು. ಅಲ್ಲಿ ಐದು ಥರ್ಮೋಕೋಲ್ ಪೆಟ್ಟಿಗೆ ಸಾಲಾಗಿ ಇಟ್ಟೆ. ಪ್ರತಿಯೊಂದರ ಮೇಲೂ ಒಂದಡಿ ಚೌಕದ ತುಕ್ಕು ಹಿಡಿದ ಹಳೇ ಶೀಟು. ಒಂದು ಹಾಗೇ ಬಿಟ್ಟದ್ದು. ಎರಡಕ್ಕೆ ಒಂದೇ ಡಬ್ಬದ ಬಿಳಿ ಎಕ್ಸ್‌ಟೀರಿಯರ್ ಪೇಂಟ್, ಒಂದರಲ್ಲಿ ಪುಡಿ ಇದೆ, ಇನ್ನೊಂದರಲ್ಲಿ ಇಲ್ಲ. ಉಳಿದೆರಡಕ್ಕೆ ಕಾವಿ ಬಣ್ಣ, ಅದರಲ್ಲೂ ಒಂದಕ್ಕೆ ಪುಡಿ, ಒಂದಕ್ಕಿಲ್ಲ. ಶೀಟಿನ ಅಡಿಗೆ ಡಿಜಿಟಲ್ ಸೆನ್ಸರ್ ಅಂಟಿಸಿದೆ. ಅಂಟಿಸುವ ಮುಂಚೆ ಐದನ್ನೂ ಒಂದೇ ಲೋಟದ ನೀರಿನಲ್ಲಿ ಮುಳುಗಿಸಿ, ಒಂದಕ್ಕೊಂದು ಎಷ್ಟು ವ್ಯತ್ಯಾಸ ತೋರಿಸುತ್ತವೆ ಅಂತ ಬರೆದಿಟ್ಟುಕೊಂಡೆ. ಈ ಕೆಲಸ ಬಿಟ್ಟರೆ ಅರ್ಧ ಡಿಗ್ರಿ ತಪ್ಪನ್ನೇ ಪೇಂಟಿನ ಗುಣ ಅಂದುಕೊಳ್ಳುತ್ತೇವೆ.

ಎರಡು ದಿನ ಹೂಮಳೆ ಬಂದು ಎಲ್ಲ ಒಳಗೆ ಎತ್ತಿಡಬೇಕಾಯಿತು. ಮೂರನೇ ದಿನ ಒಳ್ಳೆ ಬಿಸಿಲು. ಮಧ್ಯಾಹ್ನ ಒಂದೂವರೆಗೆ ಗಾಳಿಯ ಬಿಸಿ 31 ಡಿಗ್ರಿ. ಬರೀ ತುಕ್ಕು ಶೀಟಿನ ಅಡಿ 60. ಸಾದಾ ಬಿಳಿ 40. ಪುಡಿ ಬೆರೆಸಿದ ಬಿಳಿ 39.8. ಇಲ್ಲಿಗೆ ನಿಲ್ಲಿಸಿದ್ದರೆ ಪುಡಿ ಪೇಂಟ್ 20 ಡಿಗ್ರಿ ಇಳಿಸಿತು ಅಂತ ನಾನೂ ಹೇಳುತ್ತಿದ್ದೆ. ಡಬ್ಬದ ಮೇಲಿನ ಲೆಕ್ಕವೂ ಬಹುಶಃ ಹೀಗೇ ಬಂದದ್ದು. ಆದರೆ ಕಾವಿ ಬಣ್ಣದವು ಎರಡೂ 56ರ ಆಸುಪಾಸಿನಲ್ಲೇ ಇದ್ದವು. ಪುಡಿ ನಿಜವಾಗಿ ಶಾಖ ತಡೆಯುವುದಾದರೆ ಬಣ್ಣ ಯಾವುದಾದರೇನು, ಕಾವಿಯಲ್ಲೂ ಅದು ಕಾಣಬೇಕಿತ್ತು. ಕಾಣಲಿಲ್ಲ. ಬಿಸಿಲನ್ನು ವಾಪಸ್ ಕಳಿಸಿದ್ದು ಬಿಳಿ ಬಣ್ಣ.

ಇಲ್ಲಿ ಒಂದು ತಪ್ಪು ಮಾಡಿದ್ದೆ, ಬೇರೆಯವರು ಮಾಡದಿರಲಿ ಅಂತ ಬರೆಯುತ್ತಿದ್ದೇನೆ. ಮೊದಲು ಒಮ್ಮೆ ಸೆನ್ಸರ್ ಬದಲು ದೂರದಿಂದ ಗುರಿ ಇಡುವ ಇನ್‌ಫ್ರಾರೆಡ್ ಗನ್ ಹಿಡಿದಿದ್ದೆ. ಹೋಲಿಸೋಕೆ ಇಟ್ಟ ಹೊಳೆಯುವ ಹೊಸ ಶೀಟು ಅದರಲ್ಲಿ 30 ಡಿಗ್ರಿ ತೋರಿಸಿತು. ಮುಟ್ಟಿದರೆ ಕೈ ಸುಟ್ಟಿತು. ಹೊಳೆಯುವ ಲೋಹ ತನ್ನ ಶಾಖವನ್ನು ಕಿರಣವಾಗಿ ಕಡಿಮೆ ಬಿಡುತ್ತದೆ, ಕನ್ನಡಿಯ ಹಾಗೆ ಆಕಾಶದ ತಂಪನ್ನೇ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಗುರಿ ಇಟ್ಟಾಗ 53 ಬಂತು.

ಏಪ್ರಿಲ್

ಬಿಸಿಲಿನ ಮಾತು ಮುಗಿಯಿತು. ಇನ್ನು ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆಯುತ್ತದಾ ಅಂತ ನೋಡಬೇಕು. ಅದಕ್ಕೆ ಬಿಸಿಲಿಲ್ಲದ ಪರೀಕ್ಷೆ ಬೇಕು. ಎರಡು ಇಂಚು ದಪ್ಪದ ಥರ್ಮೋಕೋಲ್ ಪೆಟ್ಟಿಗೆ, ಒಳಗೆ ಜೀರೋ ಬಲ್ಬು. ಹೆಸರು ಜೀರೋ ಆದರೂ ಮೀಟರಿನಲ್ಲಿ 14 ವ್ಯಾಟ್ ತೋರಿಸಿತು. ಬಲ್ಬಿನ ಬೆಳಕು ನೇರ ಶೀಟಿಗೆ ಬೀಳದಂತೆ ಒಂದು ತಗಡಿನ ಡಬ್ಬ ಮುಚ್ಚಿದೆ. ಪೆಟ್ಟಿಗೆಯ ಬಾಯಿಗೆ ಶೀಟು. ರಾತ್ರಿ ರೂಮಿನಲ್ಲಿಟ್ಟು ಬಿಸಿ ಒಂದೇ ಸಮ ನಿಲ್ಲುವ ತನಕ, ಅಂದರೆ ಸುಮಾರು ನಾಲ್ಕು ಗಂಟೆ, ಕಾಯ್ದೆ.

ಬರೀ ಶೀಟು ಇದ್ದಾಗ ಪೆಟ್ಟಿಗೆಯ ಒಳಗೆ ರೂಮಿಗಿಂತ 20 ಡಿಗ್ರಿ ಜಾಸ್ತಿ. ಪುಡಿ ಪೇಂಟ್ ಎರಡು ಕೋಟ್ ಹೊಡೆದ ಶೀಟಿನಲ್ಲೂ 20. ಮೂರು ರಾತ್ರಿ ಮಾಡಿದರೂ ವ್ಯತ್ಯಾಸ 0.2ರ ಒಳಗೇ, ಒಮ್ಮೆ ಆಚೆ, ಒಮ್ಮೆ ಈಚೆ. ಶೀಟಿನ ಅಡಿಗೆ ಒಂದಿಂಚು ಥರ್ಮೋಕೋಲ್ ಇಟ್ಟಾಗ 32.

ಕಾರಣ ಲೆಕ್ಕದಲ್ಲೇ ಇದೆ. ಎರಡು ಕೋಟ್ ಒಣಗಿದ ಮೇಲೆ ವರ್ನಿಯರ್‌ನಲ್ಲಿ ಅಳೆದೆ, 0.3 ಮಿ.ಮೀ. ಪುಡಿ ಪೇಂಟಿನ ಶಾಖವಾಹಕತೆ 0.1 ಅಂತ ಉದಾರವಾಗಿಯೇ ಹಿಡಿಯೋಣ. ದಪ್ಪವನ್ನು ಮೀಟರಿಗೆ ತಿರುಗಿಸಿ ಅದರಿಂದ ಭಾಗಿಸಿದರೆ ತಡೆ 0.003. ಥರ್ಮೋಕೋಲಿನ ಶಾಖವಾಹಕತೆ ಸುಮಾರು 0.036, ಒಂದಿಂಚಿಗೆ ತಡೆ 0.7. ಅಂದರೆ ನಮ್ಮ ಎರಡು ಕೋಟ್, ಒಂದು ಕಾಗದದ ಹಾಳೆಯಷ್ಟು ದಪ್ಪದ ಥರ್ಮೋಕೋಲಿಗೆ ಸಮ. ಒಂದಿಂಚಿನ ಕೆಲಸ ಪೇಂಟಿನಿಂದ ಆಗಬೇಕಾದರೆ 7 ಸೆಂಟಿಮೀಟರ್ ದಪ್ಪ ಬಳಿಯಬೇಕು, 460 ಕೋಟ್‌ಗೂ ಮೇಲೆ. ಗೋಲಿ ಒಳಗೆ ಟೊಳ್ಳು ಅನ್ನೋದು ನಿಜ. ಆದರೆ ಅದರ ಸುತ್ತ ಪೇಂಟಿನ ಅಂಟು ತುಂಬಿರುತ್ತದೆ, ಶಾಖ ಅದರ ಮೂಲಕ ಹಾದು ಹೋಗುತ್ತದೆ. ಟೊಳ್ಳಿಗಿಂತ ದಪ್ಪ ಮುಖ್ಯ.

ಇಂಥ ಪೇಂಟುಗಳಿಗೆ ಇಲ್ಲದ ಆರ್-ವ್ಯಾಲ್ಯೂ ಹೇಳಿ ಮಾರುತ್ತಿದ್ದಾರೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ನಾಲ್ಕು ಕಂಪನಿಗಳ ಮೇಲೆ ಕೋರ್ಟಿಗೆ ಹೋಗಿತ್ತು. ಆರ್-ವ್ಯಾಲ್ಯೂ ಅಂದರೆ ಮೇಲೆ ಲೆಕ್ಕ ಹಾಕಿದ ಈ ತಡೆಯೇ, ಅಲ್ಲಿನ ಅಳತೆಯಲ್ಲಿ.

ಅಕ್ಟೋಬರ್

ಮಳೆಗಾಲ ಪೂರ್ತಿ ಶೀಟುಗಳನ್ನು ಕಣದಲ್ಲೇ ಬಿಟ್ಟಿದ್ದೆ. ಎರಡು ಬಿಳಿಯೂ ಬಿಳಿಯಾಗಿ ಉಳಿದಿಲ್ಲ. ಅಂಚಿನಿಂದ ಹಸಿರು ಪಾಚಿ, ನಡುವೆ ಕಪ್ಪು ಚುಕ್ಕಿ. ಪುಡಿ ಇರುವ ಮೇಲ್ಮೈ ಕೈಗೆ ತರಿತರಿ ತಾಗುತ್ತದೆ, ಅದರ ಮೇಲೆ ಪಾಚಿ ಸ್ವಲ್ಪ ಜಾಸ್ತಿಯೇ ಹಿಡಿದಿದೆ. ಮಾರ್ಚಿನಲ್ಲಿ ಬಿಳಿ ಶೀಟು ಗಾಳಿಗಿಂತ 9 ಡಿಗ್ರಿ ಮೇಲಿತ್ತು, ಈಗ 15. ಬ್ಲೀಚಿಂಗ್ ಪೌಡರ್ ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿದ ಮೇಲೆ 10ಕ್ಕೆ ಇಳಿಯಿತು. ನಮ್ಮ ಕಡೆ ಬಿಳಿ ಮಾಡು ಬೇಕು ಅಂದರೆ ವರ್ಷಕ್ಕೊಮ್ಮೆ ಈ ಕೆಲಸ ಇದ್ದೇ ಇದೆ.

ಡಿಸೆಂಬರ್

ಚಳಿಯಲ್ಲಿ ಬೆಚ್ಚಗೆ ಅನ್ನೋ ಮಾತಿನ ಸರದಿ. ಮೋಡವಿಲ್ಲದ ರಾತ್ರಿ, ಬೆಳಗಿನ ಜಾವ ಐದಕ್ಕೆ ಗಾಳಿ 12 ಡಿಗ್ರಿ. ಎರಡೂ ಬಿಳಿ ಶೀಟು 9.5. ತುಕ್ಕು ಶೀಟೂ ಅಷ್ಟೇ. ಹೊಳೆಯುವ ಹೊಸ ಶೀಟು ಮಾತ್ರ 11. ಹಗಲಲ್ಲಿ ಗನ್ನನ್ನು ಮೋಸ ಮಾಡಿದ ಗುಣವೇ ಇಲ್ಲೂ ಕೆಲಸ ಮಾಡಿದೆ. ಪೇಂಟು ಮತ್ತು ತುಕ್ಕು ರಾತ್ರಿ ತಮ್ಮ ಶಾಖವನ್ನು ಆಕಾಶಕ್ಕೆ ಧಾರಾಳವಾಗಿ ಬಿಡುತ್ತವೆ. ಹೊಸ ಶೀಟು ಬಿಡುವುದು ಕಡಿಮೆ. ಹೊಸ ಶೀಟಿಗೆ ಈ ಪೇಂಟ್ ಬಳಿದಿದ್ದರೆ ಅಮ್ಮನ ಕಂಬಳಿ ಮೇಲೆ ಹನಿ ಇನ್ನೂ ಬೇಗ ಬೀಳುತ್ತಿತ್ತು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಸರಿ ಮಗ, ಹನಿ ನಿಲ್ಲೋದು ಯಾವಾಗ ಹೇಳು" ಅಂದರು.

ಹಾಗಾಗಿ ಪುಡಿ ಬೇಡ. ಮೇಲೆ ಸಾದಾ ಬಿಳಿ ಎಕ್ಸ್‌ಟೀರಿಯರ್ ಪೇಂಟ್, ತುಕ್ಕು ಉಜ್ಜಿ ಪ್ರೈಮರ್ ಹೊಡೆದ ಮೇಲೆ. ಕೆಳಗೆ ಒಂದೂವರೆ ಇಂಚು ಥರ್ಮೋಕೋಲ್, ಬೆಂಕಿ ತಗುಲದ ಹಾಗೆ ಅದರಡಿಗೆ ಜಿಪ್ಸಂ ಬೋರ್ಡ್. ರೂಮಿನ ಹಸಿ ಗಾಳಿ ಸಂದಿಯಲ್ಲಿ ನುಗ್ಗಿ ಮೇಲಿನ ತಣ್ಣನೆ ಶೀಟಿಗೆ ತಾಗಿದರೆ ಮತ್ತೆ ಹನಿಯೇ, ಅದಕ್ಕೆ ಎಲ್ಲ ಜೋಡಣೆಗೂ ಟೇಪ್. ಮರದ ಪಟ್ಟಿ ಕುಯ್ಯೋಕೆ ಕೊಟ್ಟಿದ್ದೇನೆ. ಜನವರಿಯಲ್ಲಿ ಕಾಫಿ ಕುಯ್ಲಿನ ನಡುವೆ ಎರಡು ದಿನ ಬಿಡುವು ಸಿಕ್ಕರೆ ಕೂರಿಸುತ್ತೇನೆ. ಸೆನ್ಸರ್‌ಗಳು ಈಗಲೇ ಅಮ್ಮನ ರೂಮಿನ ಮಾಡಿನಡಿ ಸೇರಿವೆ, ಹಾಕುವ ಮುಂಚಿನ ಒಂದು ತಿಂಗಳ ಅಳತೆ ಕೈಯಲ್ಲಿರಲಿ ಅಂತ.