58ನೇ ಸೆಷನ್ ಆದಮೇಲೆ: ಪರದೆ ಮಡಚುವ ಮುಂಚೆ

ಮೂರು ವರ್ಷ, 58 ಸೆಷನ್, ಲೆವೆಲ್ 1ರಿಂದ 13. ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕ್ಯಾಂಪೇನ್ ಮೊನ್ನೆ ಭಾನುವಾರ ಮುಗಿಯಿತು. ಲಾಗ್‌ನಲ್ಲಿ ಇದೇ ಕೊನೆಯ ಬರಹ, ಡಿಎಂ ಆಗಿ ಆಟ ನಡೆಸಿದ ನಾನು ಆಡಿದ ನಿಮ್ಮ ಐವರಿಗೇ ಬರೆಯುತ್ತಿದ್ದೇನೆ. ಒಂದು ತಪ್ಪೊಪ್ಪಿಗೆಯೂ ಇದೆ.

ನಾಲ್ಕನೇ ಸೆಷನ್ ನೆನಪಿದೆಯಾ? ಕಾಡುದಾರಿಯಲ್ಲಿ ಬಗ್‌ಬೇರ್ ಹೊಡೆದದ್ದು ನಮ್ಮ ವಿಝರ್ಡ್‌ಗೆ. ಅವನಿಗಿದ್ದದ್ದು ಬರೀ 7 ಹಿಟ್ ಪಾಯಿಂಟ್. ಪರದೆಯ ಹಿಂದೆ ನಾನು ಎರಡು ಎಂಟು ಮುಖದ ದಾಳ ಹಾಕಿದೆ: 8 ಮತ್ತು 7. ಅದಕ್ಕೆ 2 ಕೂಡಿದರೆ 17. ನಾವು ಆಡಿದ್ದು 2014ರ ಐದನೇ ಆವೃತ್ತಿಯ ನಿಯಮದಲ್ಲಿ. ಹಿಟ್ ಪಾಯಿಂಟ್ ಸೊನ್ನೆಗೆ ಇಳಿದ ಮೇಲೂ ಉಳಿದ ಏಟು ನಿಮ್ಮ ಪೂರ್ತಿ ಹಿಟ್ ಪಾಯಿಂಟ್‌ನಷ್ಟಾದರೆ ಡೆತ್ ಸೇವ್ ಕೂಡ ಇಲ್ಲ, ಅಲ್ಲೇ ಸಾವು. 17ರಲ್ಲಿ 7 ಕಳೆದರೆ 10. ಅಂದರೆ ಅವನು ಸತ್ತಿದ್ದ.

ನಾನು "12" ಅಂದೆ. 12ರಲ್ಲಿ 7 ಹೋದರೆ 5, ಮೂರ್ಛೆ ಅಷ್ಟೆ. ಕ್ಲೆರಿಕ್ ಓಡಿಬಂದು ಎಬ್ಬಿಸಿದಳು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನಗೆ ಮಾತ್ರ ಆ ರಾತ್ರಿ ಸರಿ ಅನಿಸಲಿಲ್ಲ. ಒಂದು ಸಲ ಸುಳ್ಳು ಹೇಳಿದ ಡಿಎಂಗೆ ಮುಂದಿನ ಪ್ರತಿ ದಾಳವೂ ಅನುಮಾನವೇ: ಇವರು ಗೆದ್ದರಾ, ನಾನು ಗೆಲ್ಲಿಸಿದೆನಾ? ಐದನೇ ಸೆಷನ್‌ನಿಂದ ನಾನು ಎಲ್ಲ ಏಟನ್ನೂ ಮೇಜಿನ ನಡುವೆ, ನಿಮ್ಮ ಕಣ್ಣೆದುರೇ ಹಾಕತೊಡಗಿದ್ದು ಅದಕ್ಕೇ. "ಪರದೆ ಅಡ್ಡ ಬರುತ್ತೆ, ಮ್ಯಾಪ್ ಕಾಣಲ್ಲ" ಅಂದಿದ್ದೆನಲ್ಲ, ಅದು ಎರಡನೇ ಸುಳ್ಳು.

ನಡುವಿನ ಐವತ್ತು ಸೆಷನ್‌ಗಳ ಬಗ್ಗೆ ಜಾಸ್ತಿ ಬರೆಯಲ್ಲ, ಹಳೆಯ ಲಾಗ್‌ನಲ್ಲಿ ಎಲ್ಲ ಇದೆ. ಒಂಬತ್ತು ಪುಟ ಬರೆದಿಟ್ಟ ಬಂದರು ಪಟ್ಟಣಕ್ಕೆ ನೀವು ಕಾಲೇ ಇಡಲಿಲ್ಲ. ಅರ್ಧ ನಿಮಿಷದಲ್ಲಿ ಹುಟ್ಟಿಸಿದ ಮುಂಗೋಪಿ ದೋಣಿಯವನನ್ನು ಎರಡು ವರ್ಷ ಜೊತೆಗೇ ಎಳೆದುಕೊಂಡು ತಿರುಗಿದಿರಿ. (ನಾನು ಫೋನಿನಲ್ಲಿ "ರೋಗ್ ಹುಷಾರಿಲ್ಲ, ಇವತ್ತು ಆಟ ಇಲ್ಲ" ಅಂದಾಗ ನಮ್ಮಮ್ಮ ಗಾಬರಿಯಾಗಿ "ಯಾವ ರೋಗನೋ?" ಅಂತ ಕೇಳಿದ್ದೂ ಆ ದಿನಗಳಲ್ಲೇ.)

ಕೊನೆಯ ಕಾಳಗಕ್ಕೆ ಬರೋಣ. ಆವತ್ತು ನನ್ನ ಕಡೆ ಏನು ನಡೆಯುತ್ತಿತ್ತು ಅಂತ ನಿಮಗೆ ಗೊತ್ತಿಲ್ಲ.

ಲಿಚ್‌ಗೆ ಇದ್ದದ್ದು 135 ಹಿಟ್ ಪಾಯಿಂಟ್. ಮೂರು ಲೆಜೆಂಡರಿ ರೆಸಿಸ್ಟೆನ್ಸ್‌ಗಳನ್ನೂ ನೀವು ಚಿಕ್ಕಪುಟ್ಟ ಮಂತ್ರಗಳಲ್ಲೇ ಖಾಲಿ ಮಾಡಿಸಿದ್ದಿರಿ. ನಾಲ್ಕನೇ ಸುತ್ತಿಗೆ ಅದರ ಬಳಿ 11 ಪಾಯಿಂಟ್ ಉಳಿದಿತ್ತು. ರೋಗ್ ತನ್ನ ಸರದಿಯಲ್ಲಿ ಬಾಣ ಬಿಡದೆ "ಅದು ಅಲುಗಿದ ಕೂಡಲೇ ಬಿಡ್ತೀನಿ" ಅಂತ ಗುರಿ ಹಿಡಿದು ಕೂತ. ಲಿಚ್ ಒಂದು ಹೆಜ್ಜೆ ಇಟ್ಟಿತು, ಬಾಣ ಬಂತು, ಒಟ್ಟು 20. ಅದರ ಎಸಿ 17. ತಾಗಿದ್ದರೆ ಸ್ನೀಕ್ ಅಟ್ಯಾಕ್‌ನ ಏಳು ದಾಳಗಳಿಗೆ ಅದು ಮುಗಿದೇ ಹೋಗುತ್ತಿತ್ತು. ಹಾಗಾಗಿ ಶೀಲ್ಡ್ ಹಾಕಿದೆ, ಎಸಿ 22 ಆಯಿತು, ಬಾಣ ತಪ್ಪಿತು. ಆದರೆ ಶೀಲ್ಡ್‌ಗೆ ಲಿಚ್‌ನ ರಿಯಾಕ್ಷನ್ ಖರ್ಚಾಯಿತು. ಇನ್ನು ಅದು ಯಾರ ಮಂತ್ರವನ್ನೂ ತಡೆಯುವಂತಿರಲಿಲ್ಲ.

ಆಗಲೇ ಅದು ವಿಝರ್ಡ್ ಮೇಲೆ ಪವರ್ ವರ್ಡ್ ಕಿಲ್ ಹಾಕಿತು. ನೂರೋ ಅದಕ್ಕಿಂತ ಕಮ್ಮಿಯೋ ಹಿಟ್ ಪಾಯಿಂಟ್ ಇದ್ದವನು ಸತ್ತ, ಸೇವ್ ಇಲ್ಲ. ಅವನಿಗೆ ತುಂಬಿದರೂ 67. ವಿಝರ್ಡ್ ಆಡುತ್ತಿದ್ದ ನೀನು ಕೌಂಟರ್‌ಸ್ಪೆಲ್ ಅಂದೆ. ಒಂಬತ್ತನೇ ಹಂತದ ಮಂತ್ರ ತಡೆಯಲು 19 ಬೇಕು. ನಿನ್ನ ಇಂಟೆಲಿಜೆನ್ಸ್‌ಗೆ +5, ಅಂದರೆ ದಾಳದಲ್ಲಿ 14 ಬೀಳಬೇಕು, ನೂರಕ್ಕೆ 35ರ ಸಾಧ್ಯತೆ. ಬಿದ್ದದ್ದು 9.

ಮೇಜಿನ ನಡುವೆ ಇದ್ದ ಆ 9ನ್ನು ನಾನು ಏನೂ ಮಾಡುವಂತಿರಲಿಲ್ಲ. ಮಾಡಬೇಕು ಅಂತಲೂ ಅನಿಸಲಿಲ್ಲ, ಅದು ನನಗೇ ಆಶ್ಚರ್ಯ. ಮುಂದಿನ ಸುತ್ತಿನಲ್ಲಿ ರೋಗ್ ಲಿಚ್‌ನ ಕತೆ ಮುಗಿಸಿದ. ಅದು ಮತ್ತೆ ಹುಟ್ಟದ ಹಾಗೆ ನೀವು ಬಾವಿಯ ತಳಕ್ಕಿಳಿದು ಫೈಲಾಕ್ಟರಿ ಒಡೆದಿರಿ.

ಆಮೇಲೆ ಕ್ಲೆರಿಕ್ ವಜ್ರ ಹೊರಗೆ ತೆಗೆದಳು. ಸತ್ತವನ ಜೀವ ತಾನಾಗಿ ಒಪ್ಪಿದರೆ ಮಾತ್ರ ವಾಪಸ್ ಬರುತ್ತದೆ ಅಂತ ನಿಯಮ, ಅದಕ್ಕೇ ನಿನ್ನನ್ನು ಕೇಳಿದೆ. ನೀನು ಸುಮಾರು ಹೊತ್ತು ಚಿಪ್ಸ್ ಪ್ಯಾಕೆಟ್ ಮಡಚುತ್ತಾ ಕೂತಿದ್ದೆ. "ಬೇಡ ಬಿಡು, ಅವನಿಗೆ ಸುಸ್ತಾಗಿದೆ" ಅಂದೆ.

ಎಲ್ಲರ ಷೀಟುಗಳೂ ನನ್ನ ಹತ್ತಿರವೇ ಉಳಿದಿವೆ. ಈ ವಾರ ತಲುಪಿಸುತ್ತೇನೆ, ದೋಣಿಯವನ ಷೀಟು ಯಾರಿಗೆ ಅಂತ ನೀವೇ ಜಗಳ ಮಾಡಿಕೊಳ್ಳಿ. ವಿಝರ್ಡ್‌ನ ಷೀಟಿನಲ್ಲಿ ಹಿಟ್ ಪಾಯಿಂಟ್‌ನ ಜಾಗ ಅಳಿಸಿ ಅಳಿಸಿ ತೂತು ಬಿದ್ದಿದೆ. ಹಿಂಬದಿಯಲ್ಲಿ ನಾಲ್ಕನೇ ಸೆಷನ್‌ನ ಪೆನ್ಸಿಲ್ ಲೆಕ್ಕ ಇನ್ನೂ ಇದೆ, ನಿನ್ನದೇ ಕೈಬರಹ: −12. ನಾನು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ 17 ಅಂತ ಬರೆದಿದ್ದೇನೆ.