ಜಂಬೂ ಸವಾರಿಗೆ ಮಾವ ಟೇಪ್ ತಂದಿದ್ರು

ಹೋದ ದಸರಾಗೆ ಮೈಸೂರಿಗೆ ಹೋಗಿದ್ದು ನಾನು ಮತ್ತೆ ನಮ್ಮ ಸೋದರಮಾವ ಇಬ್ರೇ. ಮಾವ ಸರ್ವೆ ಇಲಾಖೆಲಿ ಮೂವತ್ತು ವರ್ಷ ಹೊಲ ಅಳೆದು ರಿಟೈರ್ ಆದೋರು, ಯಾವ ಜಾಗ ನೋಡಿದ್ರೂ ಮೊದ್ಲು ಇದು ಎಷ್ಟು ಗುಂಟೆ ಅಂತ ಬಾಯಿಂದ ಬರುತ್ತೆ, ಮದ್ವೆ ಛತ್ರ ಆದ್ರೂ ಅಷ್ಟೇ. ಬೆಳಿಗ್ಗೆ ಟ್ರೈನ್ ಇಳಿದು ಆಟೋ ಹತ್ತಿದ್ವಿ, ಆಟೋ ಅಣ್ಣ ಹೇಳ್ದ, "ಇವತ್ತು ರೋಡಲ್ಲಿ ಹತ್ತು ಲಕ್ಷ ಜನ ನಿಂತಿರ್ತಾರೆ ಸಾರ್, ಬೇಗ ಜಾಗ ಹಿಡ್ಕೊಳಿ." ನಾನು ಹೂಂ ಅಂದೆ. ಮಾವ ಮಾತ್ರ ಬ್ಯಾಗಿಂದ ಟೇಪ್ ತೆಗೆದು ನನ್ ಕೈಗೆ ಕೊಟ್ಟು, "ಹತ್ತು ಲಕ್ಷ ಜನ ನಿಲ್ಲೋಕೆ ಎಷ್ಟು ಜಾಗ ಬೇಕು ಗೊತ್ತೇನೋ?" ಅಂದ್ರು. ಪ್ರವಾಸ ಅಲ್ಲೇ ದಾರಿ ತಪ್ತು ಅನ್ಕೊಳಿ.

ಮೆರವಣಿಗೆ ದಾರಿ ಗೊತ್ತಲ್ಲ, ಅರಮನೆಯಿಂದ ಹೊರಟು ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರೋಡ್, ಆಯುರ್ವೇದ ಕಾಲೇಜ್ ಸರ್ಕಲ್, ಬಂಬೂಬಜಾರ್, ಹೈವೇ ಸರ್ಕಲ್ ದಾಟ್ಕೊಂಡು ಬನ್ನಿಮಂಟಪ, ಒಟ್ಟು ಹತ್ತತ್ರ 5 ಕಿಲೋಮೀಟರ್. ಮಾವನ ವಾದ ಸಿಂಪಲ್. ರೋಡಿನ ಮಧ್ಯೆ ಆನೆ, ಸ್ತಬ್ಧಚಿತ್ರ, ಕಲಾತಂಡ ಹೋಗ್ಬೇಕು, ಅಲ್ಲಿ ಪೊಲೀಸ್ನೋರು ಜನ ಬಿಡಲ್ಲ, ಹಂಗಾಗಿ ಜನ ಇರೋದು ಎರಡೂ ಬದಿ ಬ್ಯಾರಿಕೇಡ್‌ಗೂ ಅಂಗಡಿ ಬಾಗಿಲಿಗೂ ಮಧ್ಯದ ಪಟ್ಟಿಲಿ ಮಾತ್ರ. ಆ ಪಟ್ಟಿ ಎಷ್ಟು ಅಗಲ ಅಂತ ಗೊತ್ತಾದ್ರೆ ಜಾಗ ಸಿಕ್ತು, ಒಂದು ಚದರ ಮೀಟರಿಗೆ ಎಷ್ಟು ಜನ ಅಂತ ಎಣಿಸಿದ್ರೆ ತಲೆ ಸಿಕ್ತು, ಎರಡನ್ನೂ ಗುಣಿಸಿದ್ರೆ ಮುಗೀತು. ಹೇಳೋಕೆ ಮುಗೀತು. ನಾವು ಸಂಜೆವರೆಗೂ ಒದ್ದಾಡಿದ್ವಿ.

ಜನ ಸೇರೋಕ್ ಮುಂಚೆನೇ ನಡ್ಕೊಂಡು ಹೋಗಿ ಅಳೆದ್ವಿ, ಆಮೇಲೆ ಆಗಲ್ಲ. ಸಯ್ಯಾಜಿರಾವ್ ರೋಡಲ್ಲಿ ನಾವು ಟೇಪ್ ಹಿಡಿದ ಕಡೆ ಎಲ್ಲ ಗೂಟದಿಂದ ಅಂಗಡಿ ಶಟರ್‌ವರೆಗೆ ಹೆಚ್ಚೂಕಮ್ಮಿ 5 ಮೀಟರ್ ಬಂತು. ಮುಂದೆ ಬಂಬೂಬಜಾರ್ ಕಡೆ ಕೆಲವು ಕಡೆ 4, ಕೆಲವು ಕಡೆ ಗಾಡಿ ನಿಲ್ಸಿ, ಕಾಂಪೌಂಡ್ ಬಂದು 3 ಕೂಡ ಇಲ್ಲ. ಒಬ್ಬ ಹೋಮ್‌ಗಾರ್ಡ್ ಬಂದು ಏನ್ ಸಾರ್ ಅಂಗಡಿ ಹಾಕ್ತೀರಾ ಅಂದ, ಮಾವ ಇಲ್ಲಪ್ಪ ಸುಮ್ನೆ ಅಂದ್ರು, ಅವನಿಗೆ ಸಮಾಧಾನ ಆದಂಗೆ ಕಾಣ್ಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾನು ಒಂದು ಜಾಗ ಆರಿಸ್ಕೊಂಡೆ. ಬ್ಯಾರಿಕೇಡಿನ ಎರಡು ಗೂಟದ ಮಧ್ಯೆ ಎರಡೂವರೆ ಮೀಟರ್, ಹಿಂದಕ್ಕೆ ಶಟರ್‌ವರೆಗೆ 5 ಮೀಟರ್, ಅಂದ್ರೆ ಹನ್ನೆರಡೂವರೆ ಚದರ ಮೀಟರ್ ಡಬ್ಬ. ಅದರೊಳಗಿನ ತಲೆ ಎಣಿಸೋದು ನನ್ ಕೆಲಸ. ಮುಂದೆ ಎರಡು ಸಾಲು ನ್ಯೂಸ್‌ಪೇಪರ್ ಹಾಸ್ಕೊಂಡು ಕೂತೋರು, ಅವರ ಹಿಂದೆ ನಿಂತೋರು, ಕೊನೆಲಿ ಅಂಗಡಿ ಮೆಟ್ಟಿಲ ಮೇಲೆ ಹತ್ತಿರೋರು. ಹೆಗಲ ಮೇಲಿನ ಮಕ್ಕಳನ್ನೂ ಸೇರಿಸಿ ಮೂರು ಸಲ ಎಣಿಸಿದೆ, 43, 45, 44. ಹತ್ರ ಕೂತಿದ್ದ ಒಬ್ರು ಅಜ್ಜಿ, "ಏನಪ್ಪ, ಜನಗಣತಿಯೋರಾ?" ಅಂತ ಕೇಳಿ ಒಂದು ಹಿಡಿ ಕಡ್ಲೆಕಾಯಿ ಕೊಟ್ರು. 44 ಅಂತ ಇಟ್ಕೊಂಡ್ರೆ ಚದರ ಮೀಟರಿಗೆ ಮೂರೂವರೆ ಜನ. ಕೇಳೋಕೆ ಕಮ್ಮಿ ಅನ್ಸುತ್ತೆ, ಆದ್ರೆ ಅಲ್ಲಿ ನಿಂತ್ರೆ ಪಕ್ಕದೋರ ಹೆಗಲು ತಾಗ್ತಿರುತ್ತೆ, ಜೇಬಿಂದ ಮೊಬೈಲ್ ತೆಗೆಯೋಕೆ ಮೊಣಕೈ ಎಲ್ಲಿಡೋದು ಅಂತ ಯೋಚ್ನೆ ಮಾಡ್ಬೇಕು.

ರೋಡ್ ದಾಟಿ ಎದುರು ಬದಿನೂ ನೋಡೋಣ ಅಂತ ಹೋದ್ರೆ ಅಲ್ಲಿ ಬೇರೆ ಕಥೆ. ಸಯ್ಯಾಜಿರಾವ್ ರೋಡ್ ಹೆಚ್ಚೂಕಮ್ಮಿ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತೆ, ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮದಿಂದ ಬರುತ್ತೆ, ಪಶ್ಚಿಮದ ಬದಿಲಿ ಬಿಲ್ಡಿಂಗ್ ನೆರಳು, ಪೂರ್ವದ ಬದಿಲಿ ಮುಖಕ್ಕೆ ಹೊಡೆಯೋ ಬಿಸಿಲು. ನಾನು ಎಣಿಸಿದ್ದು ನೆರಳಿನ ಬದಿ. ಎದುರುಗಡೆ ಅಷ್ಟೇ ಡಬ್ಬದಲ್ಲಿ ಆ ಹೊತ್ತಿಗೆ 20 ಜನ ಇದ್ರು, ಅದ್ರಲ್ಲಿ ಅರ್ಧ ಛತ್ರಿ. ನೆರಳಲ್ಲಿ ನಿಂತ್ಕೊಂಡು ಲೆಕ್ಕ ಹಾಕಿ ಎರಡೂ ಬದಿಗೂ ಅದೇ ಗುಣಿಸಿದ್ರೆ ಎಲ್ಲಿಗೆ ಹೋಗ್ತಿತ್ತು ನೋಡಿ. ಸಂಜೆ ಆಗ್ತಾ ಆ ಬದಿನೂ ತುಂಬ್ತು, ಅದು ಬೇರೆ ಮಾತು, ಆದ್ರೆ ಒಂದು ಡಬ್ಬ ನೋಡಿ ಇಡೀ ರೋಡಿಗೆ ತೀರ್ಪು ಕೊಡಬಾರ್ದು ಅಂತ ಅಲ್ಲೇ ಗೊತ್ತಾಯ್ತು.

ಮಾವನ ಪರಿಚಯದೋರ ಬಟ್ಟೆ ಅಂಗಡಿ ಮೇಲೆ ಟೆರೇಸಿಗೆ ಹತ್ತಿದ್ವಿ, ಮೂರನೇ ಮಹಡಿ. ಕೆಳಗಿಂದ ನೋಡಿದಾಗ ಬರೀ ತಲೆ, ಎಳ್ಳು ಹಾಕಿದ್ರೂ ಕೆಳಗೆ ಬೀಳಲ್ಲ ಅನ್ನೋ ಥರ, ನಾನು ಫೋಟೋ ಬೇರೆ ತೆಗೆದಿದ್ದೆ. ಮೇಲಿಂದ ನೋಡಿದ್ರೆ ಮುಂದಿನ ಮೂರ್ನಾಕು ಸಾಲು ಮಾತ್ರ ಒತ್ತಾಗಿದೆ, ಹಿಂದೆ ಜನ ಬಿಡಿಬಿಡಿಯಾಗಿ ನಿಂತಿದ್ದಾರೆ, ಚುರುಮುರಿ ಮಾರೋನು ಬುಟ್ಟಿ ಹೊತ್ಕೊಂಡು ಆರಾಮಾಗಿ ಮಧ್ಯೆ ಓಡಾಡ್ತಿದ್ದಾನೆ. ಬುಟ್ಟಿಯೋನು ನುಗ್ಗೋಕೆ ಆಗ್ತಿದೆ ಅಂದ್ರೆ ಅಲ್ಲಿ ಚದರ ಮೀಟರಿಗೆ ಎರಡರ ಮೇಲಿಲ್ಲ ಅಂದ್ರು ಮಾವ. ನೆಲದ ಮಟ್ಟದಿಂದ ಜೂಮ್ ಹಾಕಿ ತೆಗೆದ ಫೋಟೋಲಿ ಮುಂದಿನೋರ ತಲೆ ಹಿಂದಿನ ಖಾಲಿ ಜಾಗನ ಮುಚ್ಚಿಬಿಡುತ್ತೆ, ಪೇಪರಲ್ಲಿ ಜನಸಾಗರ ಅಂತ ಬರೋದು ಹಂಗೆ.

ಈ ಲೆಕ್ಕ ಮಾವನ ಸ್ವಂತದ್ದೇನಲ್ಲ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಲಿ ಹರ್ಬರ್ಟ್ ಜೇಕಬ್ಸ್ ಅಂತ ಪತ್ರಿಕೋದ್ಯಮದ ಮೇಷ್ಟ್ರು ಇದ್ರು, ಅವರ ಆಫೀಸ್ ಕಿಟಕಿ ಕೆಳಗೇ ವಿದ್ಯಾರ್ಥಿಗಳ ಪ್ರತಿಭಟನೆ ಆಗ್ತಿತ್ತು, ನೆಲದಲ್ಲಿ ಚೌಕಚೌಕದ ಗೆರೆ ಇತ್ತು, ಅವರು ಕೆಲವು ಚೌಕದ ಜನ ಎಣಿಸಿ ಒಟ್ಟು ಚೌಕಕ್ಕೆ ಗುಣಿಸಿದ್ರು. ಸಡಿಲ ಗುಂಪಲ್ಲಿ ಒಬ್ಬರಿಗೆ 10 ಚದರಡಿ, ಒತ್ತಾದ ಗುಂಪಲ್ಲಿ ನಾಲ್ಕೂವರೆ, ತೀರಾ ಕಿಕ್ಕಿರಿದ್ರೆ ಎರಡೂವರೆ ಚದರಡಿ ಅನ್ನೋದು ಅವರಿಂದ ಬಂದ ಲೆಕ್ಕ. ಮೀಟರಿಗೆ ತಂದ್ರೆ ಚದರ ಮೀಟರಿಗೆ ಸುಮಾರು ಒಂದು, ಎರಡೂವರೆ ಹತ್ರ, ನಾಲ್ಕರ ಮೇಲೆ ಸ್ವಲ್ಪ. ನನ್ನ ಡಬ್ಬ ಕೊನೆ ಎರಡರ ಮಧ್ಯೆ ಬಂತು, ಸ್ವಲ್ಪ ಧೈರ್ಯ ಬಂತು.

ಅಂಬಾರಿ ಬರೋ ಹೊತ್ತಿಗೆ ಮಾವ ಟೆರೇಸ್ ಮೇಲೆ, ನಾನು ಅಜ್ಜಿ ಪಕ್ಕ ವಾಪಸ್. ನೆಟ್ವರ್ಕ್ ಸತ್ತೋಗಿತ್ತು, ಅಷ್ಟು ಜನ ಸೇರಿದ್ರೆ ಫೋನ್ ಹೋಗುತ್ತಾ. ಅಭಿಮನ್ಯು 750 ಕೆಜಿ ಅಂಬಾರಿ ಹೊತ್ಕೊಂಡು ದೂರದಲ್ಲಿ ಕಂಡಿದ್ದೇ ತಡ ಕೂತಿದ್ದೋರೆಲ್ಲ ಎದ್ರು, ಹಿಂದಿನೋರು ಮುಂದಕ್ಕೆ ನುಗ್ಗಿದ್ರು, ಅಜ್ಜಿ ಬ್ಯಾರಿಕೇಡ್ ಹಿಡ್ಕೊಂಡ್ರು, ನನ್ನ ಎರಡೂ ಕೈ ಎದೆ ಹತ್ರ ಸಿಕ್ಕಾಕ್ಕೊಂಡ್ತು, ಮೊಬೈಲ್ ಕೈಯಲ್ಲೇ ಇದೆ ಆದ್ರೆ ಮೇಲೆತ್ತೋಕಾಗ್ತಿಲ್ಲ. ಚಾಮುಂಡಿ ತಾಯಿನ ಇಬ್ಬರ ತಲೆ ಸಂದಿಲಿ ಒಂದು ಕ್ಷಣ ನೋಡಿದೆ ಅಷ್ಟೇ, ಆನೆ ದಾಟಿ ಹೋಯ್ತು.

ಆಮೇಲೆ ಮಾವ ಹೇಳಿದ್ದು ಕೇಳಿ ತಲೆ ಓಡ್ತು. ಅದೇ 44 ಜನ, ಆದ್ರೆ ಎಲ್ಲಾ ಮುಂದಿನ ಮೂರೂವರೆ ಮೀಟರಿಗೆ ಬಂದಿದ್ರು, ಹಿಂದೆ ಶಟರ್ ಹತ್ರ ಒಂದೂವರೆ ಮೀಟರ್ ಖಾಲಿ. ಅಂದ್ರೆ ಆ ಹೊತ್ತಲ್ಲಿ ಚದರ ಮೀಟರಿಗೆ 5. ಈಗ ಯಾರಾದ್ರೂ ಬೆಳಿಗ್ಗೆ ಅಳೆದ 5 ಮೀಟರ್ ಅಗಲಕ್ಕೆ ಅಂಬಾರಿ ಹೊತ್ತಿನ 5 ಜನ ಗುಣಿಸಿದ್ರೆ ನನ್ನ ಡಬ್ಬದಲ್ಲಿ 62 ಜನ ಇರ್ಬೇಕು, ಇರೋದು 44. ಜಾಗ ಮತ್ತೆ ಒತ್ತು ಎರಡನ್ನೂ ಒಂದೇ ಗಳಿಗೆಲಿ ನೋಡ್ಬೇಕು, ಇಲ್ಲಾಂದ್ರೆ ಗಾಳಿಲಿ ಹದಿನೆಂಟು ಜನ ಹುಟ್ಕೋತಾರೆ, ಅದೂ ಪ್ರತಿ ಎರಡೂವರೆ ಮೀಟರಿಗೆ.

ರಾತ್ರಿ ಹೋಟೆಲಲ್ಲಿ ದೋಸೆ ತಿಂದ್ಮೇಲೆ ಮಾವ ಬಿಲ್ಲಿನ ಹಿಂದೆ ಲೆಕ್ಕ ಬರೆದ್ರು. ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರೋಡ್ ಥರ ಒತ್ತಾಗಿರೋ ದಾರಿ ಒಂದೂವರೆ ಕಿಲೋಮೀಟರ್ ಅಂತ ಹಿಡಿದ್ವಿ. ಎರಡು ಬದಿ, 5 ಮೀಟರ್ ಅಗಲ, 15,000 ಚದರ ಮೀಟರ್ ಆಯ್ತು, ಮೂರೂವರೆ ಜನ ಅಂದ್ರೆ 52,500. ಎರಡೂವರೆ ಕಿಲೋಮೀಟರ್ ಸಾಧಾರಣ ದಾರಿ, 4 ಮೀಟರ್ ಅಗಲ, 20,000 ಚದರ ಮೀಟರಿಗೆ ಎರಡೂವರೆಯಂತೆ 50,000. ಉಳಿದ ಒಂದು ಕಿಲೋಮೀಟರ್ ಕಾಂಪೌಂಡ್, ಗೇಟು, ತೆಳ್ಳಗಿನ ಜಾಗ, ಅಲ್ಲಿ 6,000. ಅಡ್ಡರಸ್ತೆ ಬಾಯಿಲಿ ಜನ ನಿಂತಿರ್ತಾರೆ, ಇಪ್ಪತ್ತು ಬಾಯಿ, ಒಂದೊಂದು ಗುಂಟೆ, ಮಾವನಿಗೆ ಗುಂಟೆ ಬಂದಿದ್ದೇ ಖುಷಿ, ಅದು ಇನ್ನೊಂದು 6,000. ಟೆರೇಸು, ಬಾಲ್ಕನಿ, ಮರ ಹತ್ತಿದೋರು ಅಂತ ಕಣ್ಣಂದಾಜಲ್ಲಿ 10,000. ಎಲ್ಲಾ ಕೂಡಿದ್ರೆ ಒಂದೂಕಾಲು ಲಕ್ಷದ ಆಸುಪಾಸು, ಒಂದು ಲಕ್ಷದಿಂದ ಒಂದೂವರೆ ಅಂತ ಹೇಳೋದು ಮರ್ಯಾದೆ. ಅರಮನೆ ಒಳಗೆ ಪಾಸ್ ತಗೊಂಡು ಕುರ್ಚಿಲಿ ಕೂತೋರು, ಬನ್ನಿಮಂಟಪದ ಪಂಜಿನ ಕವಾಯತು ನೋಡೋಕೆ ಹೋದೋರು ಇದ್ರಲ್ಲಿಲ್ಲ, ಕುರ್ಚಿಗೆ ಈ ಕಷ್ಟನೇ ಬೇಡ, ಸಾಲು ಎಣಿಸಿದ್ರೆ ಸಾಕು.

ನಂಗೆ ನಂಬಿಕೆ ಬರ್ಲಿಲ್ಲ, ಬರೀ ಒಂದೂಕಾಲಾ ಅಂದೆ. ಮಾವ ಲೆಕ್ಕ ತಿರುಗಿಸಿದ್ರು. ರೋಡ್ ಬದಿ ನಿಲ್ಲೋ ಜಾಗ ಎಲ್ಲಾ ಸೇರಿ 43,000 ಚದರ ಮೀಟರ್, ಹತ್ತೂವರೆ ಎಕರೆ. ಅಲ್ಲಿ 10 ಲಕ್ಷ ಜನ ನಿಲ್ಬೇಕು ಅಂದ್ರೆ ಚದರ ಮೀಟರಿಗೆ 23 ಜನ. "ನಿನ್ ಕೈ ಎತ್ತೋಕಾಗ್ಲಿಲ್ವಲ್ಲ, ಅದು ಐದೇ ಜನ ಕಣೋ. ಆರು ಏಳು ಆದ್ರೆ ಯಾರ ಕಾಲೂ ಅವರ ಮಾತು ಕೇಳಲ್ಲ, ಜನ ನೀರಿನ ಥರ ಅಲೆ ಹೊಡೀತಾರೆ, ಕಾಲ್ತುಳಿತ ಆಗೋದು ಅಲ್ಲೇ." ಇಡೀ 5 ಕಿಲೋಮೀಟರ್ ನನ್ನ ಡಬ್ಬದ ಆ ಒಂದು ಕ್ಷಣದ ಥರ ಒತ್ತಾಗಿದ್ರೂ ಎರಡು ಲಕ್ಷ ಚಿಲ್ಲರೆ ಅಷ್ಟೇ ಹಿಡಿಯೋದು. ಹತ್ತು ದಿನದಲ್ಲಿ ಮೈಸೂರಿಗೆ ಬಂದು ಹೋದೋರ ಲೆಕ್ಕ ಬೇರೆ, ಬಂದೋರು ಹೋಗ್ತಾರೆ ಹೊಸಬರು ಬರ್ತಾರೆ, ಅದನ್ನ ಜಾಗದಿಂದ ಗುಣಿಸೋಕಾಗಲ್ಲ, ಬಾಗಿಲಲ್ಲಿ ನಿಂತು ಎಣಿಸ್ಬೇಕು. ಜಂಬೂ ಸವಾರಿಲಿ ಮಧ್ಯಾಹ್ನ ಜಾಗ ಹಿಡಿದೋರು ಆನೆ ಹೋಗೋವರೆಗೆ ಅಲ್ಲಾಡಲ್ಲ, ಅದಕ್ಕೇ ಇಲ್ಲಿ ಈ ಲೆಕ್ಕ ನಡೀತು.

ಬಿಲ್ ತಂದ ಹುಡುಗ ನಮ್ಮ ಮಾತು ಕೇಳಿಸ್ಕೊಂಡು, "ಒಂದೂಕಾಲು ಲಕ್ಷ ಅಂತ ಎಲ್ಲೂ ಹೇಳ್ಬೇಡಿ ಸಾರ್, ಐದಾದ್ರೂ ಅನ್ನಿ" ಅಂದ. ಬೇಜಾರಾಗಿದ್ದು ಕಾಣಿಸ್ತಿತ್ತು ಪಾಪ.

ನಂಗಿರೋ ಅನುಮಾನ ಒಂದೇ. ಆ ಸಾಧಾರಣ ದಾರಿ ಅಂದ್ವಲ್ಲ, ಎರಡೂವರೆ ಕಿಲೋಮೀಟರ್, ಅಲ್ಲಿ ಅಂಬಾರಿ ಹೋದ ಹೊತ್ತಲ್ಲಿ ನಾವಿಬ್ರೂ ಇರ್ಲಿಲ್ಲ, ಮಧ್ಯಾಹ್ನ ನೋಡಿದ ಜನನ್ನೇ ಇಟ್ಕೊಂಡು ಗುಣಿಸಿದ್ವಿ. ಅಲ್ಲಿ ಎರಡೂವರೆ ಬದಲು ಮೂರೂವರೆ ಇದ್ದಿದ್ರೆ ಒಂದೇ ಏಟಿಗೆ 20,000 ಏರುತ್ತೆ. ಮಾವ ಆ ಸಾಲಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಲ್ಲು ಮಡಚಿ ಜೇಬಲ್ಲಿ ಇಟ್ಕೊಂಡ್ರು, ದುಡ್ಡು ಕೊಡೋದು ಮರೆತು.